ಹದಿನಾರು ಮಾತ್ರೆಯಲ್ಲಿ ಪ್ರಾರ್ಥನೆ: ಯುವಜನರ ಕಾರ್ಯಕ್ರಮಕ್ಕೆ ರ‍್ಯಾಪ್ ಧಾಟಿಯ ಭಕ್ತಿಗೀತೆ ಬರೆಯುವುದು

ಯುವಕರ ಸಮಾವೇಶಕ್ಕೆ ಒಂದು ಭಕ್ತಿಗೀತೆ ಬೇಕು. ಪಲ್ಲವಿ ಹಾಡುವಂತಿರಬೇಕು, ಚರಣ ಮಾತಿನಲ್ಲೇ ತಾಳಕ್ಕೆ ಕೂರಬೇಕು. ಹೀಗೆ ಕೇಳಿದಾಗ ಹೆಚ್ಚಿನವರು ಮೊದಲು ಬೀಟ್ ಹುಡುಕುತ್ತಾರೆ, ಆಮೇಲೆ ಅದರ ಮೇಲೆ ಸಾಲುಗಳನ್ನು ಹೇಗೋ ತುರುಕುತ್ತಾರೆ. ಆಗ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಮಾತು ತಾಳದಿಂದ ಹೊರಗೆ ಚೆಲ್ಲುತ್ತದೆ, ದೇವರ ಮುಂದೆ ಆಡಬಾರದ ಧಾಟಿಯೂ ನುಸುಳುತ್ತದೆ. ಎರಡಕ್ಕೂ ಕನ್ನಡದ ಮಾತ್ರೆ ಲೆಕ್ಕದಲ್ಲೇ ದಾರಿ ಇದೆ. ಒಂದು ಚರಣವನ್ನು ಮೊದಲಿಂದ ಕೊನೆವರೆಗೆ ಕಟ್ಟುತ್ತಾ ಅದನ್ನು ತೋರಿಸುತ್ತೇನೆ.

ಬರೆಯುವ ಮೊದಲು

ದೇವರ ಬಗ್ಗೆ ಎಲ್ಲವನ್ನೂ ಒಂದೇ ಹಾಡಿನಲ್ಲಿ ಹೇಳಲು ಹೋಗಬೇಡಿ. ಒಬ್ಬ ವ್ಯಕ್ತಿ, ಒಂದು ಗಳಿಗೆ, ಒಂದು ಕೋರಿಕೆ ಸಾಕು. ನಾನು ಆರಿಸಿಕೊಂಡದ್ದು ಇದು: ನಡುರಾತ್ರಿ, ಕೈಯಲ್ಲಿ ಫೋನು, ನಿದ್ದೆ ಇಲ್ಲ. ಆ ಹುಡುಗ ಅಥವಾ ಹುಡುಗಿ ಫೋನು ಆರಿಸಿ ಸುಮ್ನೆ ಕೂರುತ್ತಾರೆ, ಆಗ ದೇವರ ನೆನಪಾಗುತ್ತದೆ. ಅಷ್ಟೇ ಕಥೆ. ಕೇಳುವವರಲ್ಲಿ ಹೆಚ್ಚಿನವರು ನಿನ್ನೆ ರಾತ್ರಿಯೇ ಇದನ್ನು ಅನುಭವಿಸಿರುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ವಿಷಯ ಇತ್ಯರ್ಥವಾಗಬೇಕು. ರ‍್ಯಾಪ್‌ನಲ್ಲಿ 'ನಾನು' ದೊಡ್ಡದಾಗಿ ನಿಲ್ಲುತ್ತದೆ. ನಾನು ಹೀಗೆ, ನನ್ನ ಮುಂದೆ ಯಾರೂ ಇಲ್ಲ ಅನ್ನುವ ಧಾಟಿ ಅದಕ್ಕೆ ಸಹಜ. ಭಕ್ತಿಯಲ್ಲಿ 'ನಾನು' ಬರಬಾರದು ಅಂತಲ್ಲ, ಬಂದರೆ ತಪ್ಪೊಪ್ಪಿಕೊಳ್ಳಲು ಅಥವಾ ಬೇಡಿಕೊಳ್ಳಲು ಬರಬೇಕು. 'ನನ್ನ ದೇವರ ಮುಂದೆ ನಿಮ್ಮದೆಲ್ಲ ಏನು' ಅನ್ನುವ ಸಾಲು ಕೇಳಲು ಭಕ್ತಿಯಂತಿದ್ದರೂ ಅಲ್ಲಿ ಬೆಳೆಯುವುದು ಹಾಡುವವನೇ. ಪ್ರತಿ ಸಾಲು ಬರೆದ ಮೇಲೆ, ಈ ಸಾಲಿನಲ್ಲಿ ಯಾರು ದೊಡ್ಡವರಾದರು ಎಂದು ಕೇಳಿಕೊಳ್ಳಿ.

ದೇವರನ್ನು 'ನೀನು' ಅನ್ನಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ಧಾರಾಳವಾಗಿ ಅನ್ನಿ. ಕನ್ನಡದ ಭಕ್ತರು ಮೊದಲಿಂದಲೂ ಏಕವಚನದಲ್ಲೇ ಕರೆದಿದ್ದಾರೆ, ಅದು ಸಲಿಗೆಯ ಮಾತಲ್ಲ, ಹತ್ತಿರದ ಮಾತು. ಅಗೌರವ ಬರುವುದು 'ಬಾಸು', 'ಗುರೂ', 'ಮಚ್ಚಾ' ತರಹದ ಪದಗಳಿಂದ. ಆಡುಮಾತು ಪೂರಾ ಬೇಡ ಅನ್ನುತ್ತಿಲ್ಲ. ಅದನ್ನು ನಮ್ಮ ಬಗ್ಗೆ ಹೇಳುವಾಗ ಬಳಸಿ, ದೇವರನ್ನು ಕರೆಯುವಾಗ ಬಿಡಿ.

ತಾಳದ ಮನೆ

ಈಗ ಲೆಕ್ಕ. ರ‍್ಯಾಪ್‌ನ ಸಾಮಾನ್ಯ ಬೀಟ್‌ನಲ್ಲಿ ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಪ್ರತಿ ಎಣಿಕೆಯನ್ನು ನಾಲ್ಕಾಗಿ ಒಡೆದರೆ ಒಟ್ಟು 16 ಸಣ್ಣ ಮನೆಗಳು. ಕನ್ನಡದಲ್ಲಿ ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆ ಕೊಟ್ಟರೆ ಒಂದು ಬಾರ್‌ಗೆ 16 ಮಾತ್ರೆ ಸರಿಯಾಗಿ ಹಿಡಿಸುತ್ತದೆ. ಶಾಲೆಯಲ್ಲಿ ಮಂದಾನಿಲ ರಗಳೆ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಅದರ ಸಾಲಿನಲ್ಲೂ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16. ಹೊಸ ತಾಳಕ್ಕೆ ಬೇಕಾದ ಅಚ್ಚು ನಮ್ಮಲ್ಲಿ ಎಂದೋ ಸಿದ್ಧವಾಗಿದೆ.

ಗುರು ಲಘು ಮರೆತಿದ್ದರೆ ಇಷ್ಟು ನೆನಪಿರಲಿ. ದೀರ್ಘ ಸ್ವರವಿದ್ದರೆ ಗುರು. ಮುಂದಿನ ಅಕ್ಷರಕ್ಕೆ ಒತ್ತಿದ್ದರೆ ಹಿಂದಿನದು ಗುರು. ಸೊನ್ನೆ ಇದ್ದರೆ ಗುರು. ಕೊನೆಯಲ್ಲಿ ಅರ್ಧಾಕ್ಷರ ಬಂದರೂ ಗುರು. ಉಳಿದದ್ದು ಲಘು. 'ಎಚ್ಚರ'ದಲ್ಲಿ 'ಎ' ಎರಡು, 'ಚ್ಚ' ಒಂದು, 'ರ' ಒಂದು, ಒಟ್ಟು ನಾಲ್ಕು.

ಬಾಯಲ್ಲಿ ಎಣಿಸುವುದು ಇನ್ನೂ ಸುಲಭ. ಕೈಯಲ್ಲಿ ನಾಲ್ಕು ತಟ್ಟಿ, ಪ್ರತಿ ತಟ್ಟಿಗೆ ಒಮ್ಮೆ 'ತಕಧಿಮಿ' ಅನ್ನಿ. ನಾಲ್ಕು ತಕಧಿಮಿ ಆದರೆ ಒಂದು ಬಾರ್. ನಿಮ್ಮ ಸಾಲನ್ನು ಅದೇ ತಟ್ಟಿಗೆ ಹೇಳಿ ನೋಡಿ, ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ಮಾತ್ರೆ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ.

ವೇಗಕ್ಕೆ ನನ್ನ ಸಲಹೆ 80 ಬಿಪಿಎಂ, ಅಂದರೆ ನಿಮಿಷಕ್ಕೆ 80 ಎಣಿಕೆ. ಆ ವೇಗದಲ್ಲಿ ಒಂದು ಬಾರ್‌ಗೆ ಸರಿಯಾಗಿ 3 ಸೆಕೆಂಡು, ಎಂಟು ಬಾರ್‌ನ ಚರಣಕ್ಕೆ 24 ಸೆಕೆಂಡು. 16 ಮಾತ್ರೆ 3 ಸೆಕೆಂಡಿನಲ್ಲಿ ಅಂದರೆ ಸೆಕೆಂಡಿಗೆ ಐದಕ್ಕಿಂತ ಸ್ವಲ್ಪ ಜಾಸ್ತಿ. ಅಭ್ಯಾಸವಿಲ್ಲದವರೂ ಸ್ಪಷ್ಟವಾಗಿ ಆಡಬಹುದಾದ ವೇಗ ಅದು. 100ಕ್ಕೆ ಏರಿಸಿದರೆ ಅದೇ ಸಾಲುಗಳು 2.4 ಸೆಕೆಂಡಿನಲ್ಲಿ ಮುಗಿಯಬೇಕು, ಆಗ ಮೊದಲು ಕಳೆದುಹೋಗುವುದು ಮಹಾಪ್ರಾಣ ಮತ್ತು ಹಕಾರ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವಸರದ ಬಾಯಲ್ಲಿ 'ಹರಿ' ಅನ್ನುವುದು 'ಅರಿ' ಆಗುತ್ತದೆ. ಅರಿ ಅಂದರೆ ಶತ್ರು.

ಮೊದಲ ಸಾಲು

ನನ್ನ ಮನಸ್ಸಿಗೆ ಬಂದ ವಾಕ್ಯ ಇದು: 'ರಾತ್ರಿಯ ಹನ್ನೆರಡು ಗಂಟೆಯಾದರೂ ನನಗೆ ಎಚ್ಚರವಾಗಿಯೇ ಇದೆ.' ಎಣಿಸಿದರೆ 31 ಮಾತ್ರೆ. ಎರಡು ಬಾರ್‌ನಷ್ಟು ಉದ್ದ, ಹೇಳಿದ್ದು ಮಾತ್ರ ಒಂದೇ ಸಂಗತಿ. 'ಗಂಟೆ' ಇಲ್ಲದಿದ್ದರೂ ಹನ್ನೆರಡು ಅಂದರೆ ಅರ್ಥವಾಗುತ್ತದೆ. 'ನನಗೆ' ಬೇಡ, ಮಾತಾಡುತ್ತಿರುವವರೇ ನಿಂತಿದ್ದಾರಲ್ಲ. 'ಆಗಿಯೇ ಇದೆ' ಕೂಡ ಹೊರೆ. ಉಳಿದದ್ದು:

ರಾತ್ರಿಯ | ಹನ್ನೆರ | ಡಾದರು | ಎಚ್ಚರ

ನಾಲ್ಕು ನಾಲ್ಕು ನಾಲ್ಕು ನಾಲ್ಕು. 'ಆದರೂ' ಇಲ್ಲಿ 'ಆದರು' ಆಗಿದೆ. ಹೀಗೆ ಕೊನೆಯ ದೀರ್ಘವನ್ನು ಮೊಟಕು ಮಾಡುವುದು, 'ಕೈಯಲ್ಲಿ'ಯನ್ನು 'ಕೈಯಲಿ' ಮಾಡುವುದು ಹಾಡಿನಲ್ಲಿ ನಡೆಯುತ್ತದೆ. ಸಾಲಿಗೆ ಒಂದೆರಡು ಸಲ ಸಾಕು. ಜಾಸ್ತಿಯಾದರೆ ಹಳೆಯ ಪದ್ಯಪುಸ್ತಕದ ವಾಸನೆ ಬರುತ್ತದೆ, ಎದುರು ಕೂತ ಹುಡುಗರು ದೂರವಾಗುತ್ತಾರೆ.

ಈ ಬಗೆಯ ಬೀಟ್‌ನಲ್ಲಿ ಸ್ನೇರ್ ಡ್ರಮ್ಮಿನ ಗಟ್ಟಿ ಹೊಡೆತ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ. ಅಂದರೆ ಎರಡನೆಯ ಗಣ, ನಾಲ್ಕನೆಯ ಗಣ ಎಲ್ಲರ ಕಿವಿಗೂ ಬೀಳುತ್ತವೆ. ಕೇಳುವವರು ಹಿಡಿಯಲೇಬೇಕಾದ ಪದವನ್ನು ಅಲ್ಲಿಡಿ. ಮೇಲಿನ ಸಾಲಿನಲ್ಲಿ 'ಹನ್ನೆರಡು' ಮತ್ತು 'ಎಚ್ಚರ' ಅಲ್ಲೇ ಇವೆ, ಇನ್ನೇನೂ ಕೇಳಿಸದಿದ್ದರೂ ಕಥೆ ಗೊತ್ತಾಗುತ್ತದೆ.

ಕಿವಿಗೆ ಬೇರೆಯೇ ಕೇಳಿದ ಸಾಲು

ನಾಲ್ಕನೆಯ ಸಾಲಿನಲ್ಲಿ ನಾನು ಸಿಕ್ಕಿಬಿದ್ದೆ. ಮೊದಲು ಬರೆದದ್ದು 'ನನ್ನೊಳಗಿರುವವನನ್ನೇ ಕಳೆದೆ'. ಹಿಂದಿನ ಸಾಲು 'ಅಳೆದೆ' ಎಂದು ಮುಗಿದಿತ್ತು, ಪ್ರಾಸ ಚೆನ್ನಾಗಿ ಕೂತಿತ್ತು. ಆದರೆ ಒಳಗೇ ಇರುವ ದೇವರನ್ನು ಕಳೆಯುವುದು ಹೇಗೆ? ಅವನು ಎಲ್ಲೂ ಹೋಗಿಲ್ಲ, ಮರೆತದ್ದು ನಾನು. ಪ್ರಾಸಕ್ಕಾಗಿ ನಂಬಿಕೆಯನ್ನು ತಿರುಚುವುದು ಹೀಗೇ, ಗೊತ್ತಿಲ್ಲದೆ ಆಗುತ್ತದೆ. 'ಮರೆತೆ' ಎಂದು ತಿದ್ದಿದೆ. ಆಮೇಲೆ ಮೂರನೆಯ ಸಾಲನ್ನು ಒಡೆದು 'ಬೆರೆತೆ' ಎಂದು ಮುಗಿಯುವಂತೆ ಹೊಸದಾಗಿ ಬರೆದೆ. ನಿಜ ಹೇಳುವ ಸಾಲನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಜೋಡಿ ಸಾಲು ಅದಕ್ಕೆ ಬಗ್ಗಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಅಭ್ಯಾಸದಲ್ಲಿ ಒಬ್ಬ ಹುಡುಗಿ ಕೇಳಿದಳು, "ಅಣ್ಣಾ, ಇಲ್ಲಿ ತನ್ನನ್ನೇ ತಾನು ಮರೆತದ್ದು ಯಾಕೆ?" ಅವಳು ಕೇಳಿದ್ದು ಸರಿಯಾಗಿತ್ತು. ತಾಳಕ್ಕೆ ಆ ಸಾಲು ಹೀಗೆ ಒಡೆಯುತ್ತದೆ:

ನನ್ನೊಳ | ಗಿರುವವ | ನನ್ನೇ | ಮರೆತೆ

ಮೂರನೆಯ ಎಣಿಕೆ 'ನನ್ನೇ' ಮೇಲೆ ಬೀಳುತ್ತದೆ. ಕಿವಿಗೆ ಬರುವುದು 'ನನ್ನೇ ಮರೆತೆ'. ಕಾಗದದ ಮೇಲೆ ದೇವರನ್ನು ಮರೆತದ್ದು, ಸಭೆಯಲ್ಲಿ ನನ್ನನ್ನೇ ಮರೆತದ್ದು! ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಈ ಅಪಾಯ ಬಹಳ. ಉದ್ದ ಪದ ಎಲ್ಲಿ ಒಡೆಯುತ್ತದೆ ನೋಡಿ, ಒಡೆದ ತುಂಡು ತಾನೇ ಒಂದು ಪದವಾಗುತ್ತದೆಯೇ ಎಂದು ಪರೀಕ್ಷಿಸಿ. 'ಕೇಳುವೆನೊಂದೇ' ಎಂದು ಬರೆದರೆ ತಾಳದಲ್ಲಿ 'ಕೇಳುವೆ, ನೊಂದೇ' ಆಗುತ್ತದೆ. 'ಕೇಳುವುದೊಂದೇ' ಎಂದರೆ ತೊಂದರೆ ಇಲ್ಲ, ಮಾತ್ರೆಯೂ ಅಷ್ಟೇ.

ಕೊನೆಗೆ ಆ ಸಾಲು ಹೀಗಾಯಿತು:

ನನ್ನೊಳ | ಗಿದ್ದರು | ನಿನ್ನನೆ | ಮರೆತೆ

ಇದರಿಂದ ಇನ್ನೊಂದು ಒಳ್ಳೆಯದಾಯಿತು. ಮೊದಲಿನ ಸಾಲು ದೇವರ ಬಗ್ಗೆ ಮಾತಾಡುತ್ತಿತ್ತು, ಈಗಿನದು ದೇವರ ಜೊತೆಗೇ ಮಾತಾಡುತ್ತದೆ. ಪ್ರಾರ್ಥನೆ ಶುರುವಾಗುವುದು ಅಲ್ಲಿಂದಲೇ ಅಲ್ವಾ?

ಪೂರ್ತಿ ಚರಣ

ರಾತ್ರಿಯ | ಹನ್ನೆರ | ಡಾದರು | ಎಚ್ಚರ
ಕೈಯಲಿ | ಪರದೆಯ | ಬೆಳಕಿನ | ಅಬ್ಬರ
ಯಾರದೊ | ಹೊಗಳಿಕೆ | ಯೊಳಗೇ | ಬೆರೆತೆ
ನನ್ನೊಳ | ಗಿದ್ದರು | ನಿನ್ನನೆ | ಮರೆತೆ
ಪರದೆಯ | ನಾರಿಸಿ | ಸುಮ್ಮನೆ | ಕುಳಿತೆ
ಉಸಿರಿನ | ಒಂದೊಂ | ದೆಳೆಯನು | ಅರಿತೆ
ಕರೆಯುವ | ಮೊದಲೇ | ಬಂದವ | ನೀನು
ತೆರೆಯದೆ | ಬಾಗಿಲ | ಹಿಡಿದೆನು | ನಾನು

ಮೊದಲ ಎರಡು ಸಾಲಿಗೆ 16 ಮಾತ್ರೆ, ಉಳಿದವಕ್ಕೆ 15. ಕೊನೆಯ ಒಂದು ಮನೆ ಖಾಲಿ. ಕೊನೆಯ ಎರಡು ಸಾಲುಗಳಲ್ಲಿ 'ಕರೆಯುವ', 'ತೆರೆಯದೆ' ಎಂದು ಎರಡನೆಯ ಅಕ್ಷರವೂ ಒಂದೇ. ಅದು ನಮ್ಮ ಹಳೆಯ ಆದಿಪ್ರಾಸ. ರ‍್ಯಾಪ್ ಬರೆಯುವವರು ಹೆಚ್ಚಾಗಿ ಸಾಲಿನ ಕೊನೆಯನ್ನಷ್ಟೇ ಜೋಡಿಸುತ್ತಾರೆ. ಮುಖ್ಯ ಮಾತು ಬರುವ ಕಡೆ ತಲೆಯನ್ನೂ ಜೋಡಿಸಿದರೆ ಆ ಎರಡು ಸಾಲು ಉಳಿದವಕ್ಕಿಂತ ಬೇರೆಯಾಗಿ ಕೇಳುತ್ತವೆ. ಎಂಟೂ ಸಾಲಿಗೆ ಹಾಗೆ ಮಾಡಿದರೆ ಕಸರತ್ತಾಗುತ್ತದೆ, ಭಾವ ಹಿಂದೆ ಸರಿಯುತ್ತದೆ.

'ಹಿಡಿದೆನು' ಎಂದು ಬರೆದದ್ದಕ್ಕೂ ಕಾರಣವಿದೆ. 'ಹಿಡಿದವ ನಾನು' ಅಂದಿದ್ದರೆ ಹುಡುಗಿಯರು ಹೇಳುವಂತಿರಲಿಲ್ಲ. 'ನಾನು' ಜೊತೆಗೆ ಬರುವ ಕ್ರಿಯಾಪದದಲ್ಲಿ ಹೆಣ್ಣು ಗಂಡು ಭೇದವಿಲ್ಲ, ಆ ಅನುಕೂಲವನ್ನು ಬಳಸಿಕೊಳ್ಳಿ. ದೇವರನ್ನು ತಾಯಿಯಾಗಿ ಕಾಣುವವರು 'ಬಂದವ' ಇರುವಲ್ಲಿ 'ಬಂದಿಹೆ' ಹಾಕಬಹುದು, ಅದಕ್ಕೂ ನಾಲ್ಕೇ ಮಾತ್ರೆ.

ಈಗ ಉಸಿರಿನ ಪ್ರಶ್ನೆ. ಖಾಲಿ ಬಿಟ್ಟ ಒಂದು ಮನೆ ಸುಮಾರು ಐದನೇ ಒಂದು ಸೆಕೆಂಡು, ಅಷ್ಟರಲ್ಲಿ ಉಸಿರು ತುಂಬದು. ಒಬ್ಬರೇ ಎಂಟು ಸಾಲು ಹೇಳಿದರೆ ಐದನೆಯ ಸಾಲಿಗೆ ದನಿ ಸಣ್ಣಗಾಗುತ್ತದೆ, ಸಾಲಿನ ಕೊನೆಯ ಅಕ್ಷರಗಳು ನುಂಗಿಹೋಗುತ್ತವೆ. ಪರಿಹಾರ ಸರಳ. ಇಬ್ಬರು ಹಂಚಿಕೊಳ್ಳಲಿ, ಎರಡೆರಡು ಸಾಲಿಗೆ ಒಬ್ಬರಂತೆ. ಪ್ರತಿಯೊಬ್ಬರಿಗೂ 6 ಸೆಕೆಂಡು ಬಿಡುವು ಸಿಗುತ್ತದೆ. ಒಬ್ಬರೇ ಹೇಳಲೇಬೇಕಾದರೆ ನಾಲ್ಕನೆಯ ಮತ್ತು ಆರನೆಯ ಸಾಲನ್ನು 12 ಮಾತ್ರೆಗೆ ಇಳಿಸಿ, ಕೊನೆಯ ಎಣಿಕೆಯನ್ನು ಉಸಿರಿಗೆ ಬಿಡಿ.

ಏಳು ಮತ್ತು ಎಂಟನೆಯ ಸಾಲಿಗೆ ಡ್ರಮ್ ಪೂರಾ ನಿಲ್ಲಲಿ. ತಂಬೂರಿ ಶ್ರುತಿ ಅಥವಾ ಕೀಬೋರ್ಡಿನ ಒಂದೇ ಸ್ವರ ಸಾಕು. ಅಷ್ಟು ಹೊತ್ತು ತಾಳದ ಜೊತೆ ಓಡಿದ ಕಿವಿ ತಟ್ಟನೆ ನಿಲ್ಲುತ್ತದೆ, 'ಕರೆಯುವ ಮೊದಲೇ ಬಂದವ ನೀನು' ಅನ್ನುವುದು ಆ ನಿಶ್ಶಬ್ದದಲ್ಲಿ ಬೀಳುತ್ತದೆ. ಹೇಳುವವರು ದನಿ ಏರಿಸಬಾರದು, ಎದುರಿಗಿರುವವರಿಗೆ ಹೇಳಿದಷ್ಟೇ ಮೆಲ್ಲಗೆ. ತಾಳ ಇಲ್ಲವೆಂದು ಓಡಬಾರದು ಕೂಡ. ಒಳಗೆ ತಕಧಿಮಿ ನಡೆಯುತ್ತಲೇ ಇರಬೇಕು, ಇಲ್ಲದಿದ್ದರೆ ಡ್ರಮ್ ವಾಪಸ್ ಬಂದಾಗ ಸಾಲು ಇನ್ನೂ ಮುಗಿದಿರುವುದಿಲ್ಲ.

ಪಲ್ಲವಿ ಮತ್ತು ದೇವರ ಹೆಸರು

ಪಲ್ಲವಿ ಎಲ್ಲರೂ ಹಾಡುವಂಥದ್ದು. ಮೊದಲ ಸಲ ಕೇಳಿದವರು ಎರಡನೆಯ ಸಲಕ್ಕೆ ದನಿಗೂಡಿಸಬೇಕು. ಅದಕ್ಕೆ ವೇಗ ಅರ್ಧಕ್ಕೆ ಇಳಿಯಬೇಕು, ಅಂದರೆ ಒಂದು ಬಾರ್‌ಗೆ 16ರ ಬದಲು 8 ಮಾತ್ರೆ:

ಒಳಗಿನ ದೀಪವೆ | ಉರಿಯುತ ಇರು ನೀ
ಅಲೆಯುವ ಮನಸಿಗೆ | ನೆಲೆಯಾಗಿರು ನೀ

ಇದು ನಾಲ್ಕು ಬಾರ್, 12 ಸೆಕೆಂಡು. ರಾಗ ಐದಾರು ಸ್ವರದ ಒಳಗೇ ಇರಲಿ. ಎತ್ತರದ ಸ್ವರ ಇಟ್ಟರೆ ಗುಂಪು ಸುಮ್ಮನಾಗುತ್ತದೆ.

ನಿಮ್ಮ ಆರಾಧ್ಯ ದೈವದ ಹೆಸರನ್ನು 'ದೀಪವೆ' ಇರುವ ಜಾಗದಲ್ಲಿ ಇಡಬಹುದು. ಶಂಕರ, ಮಾಧವ, ಗಣಪತಿ, ಯೇಸುವೆ, ತಾಯಿಯೆ, ಎಲ್ಲಕ್ಕೂ ನಾಲ್ಕೇ ಮಾತ್ರೆ. ರಾಮ, ಕೃಷ್ಣ ಮೂರು ಮಾತ್ರೆ, 'ರಾಮನೆ', 'ಕೃಷ್ಣನೆ' ಎಂದರೆ ಸರಿಹೋಗುತ್ತದೆ. 'ವಿನಾಯಕ' ಐದು, ಅದಕ್ಕೆ ಸಾಲನ್ನೇ ಬೇರೆ ಕಟ್ಟಬೇಕು. ಹೆಸರನ್ನು ಎಳೆಯುವುದು, ಮೊಟಕು ಮಾಡುವುದು ಬೇಡ. ಹೆಸರು ಬದಲಾದರೆ ಕ್ರಿಯಾಪದವನ್ನೂ ನೋಡಿ. ದೀಪ ಉರಿಯಬಹುದು, 'ಶಂಕರ ಉರಿಯುತ ಇರು' ಅನ್ನಲಾಗದು. ಅಲ್ಲಿ 'ಬೆಳಗುತ ಇರು ನೀ' ಹಾಕಿ, ಮಾತ್ರೆ ಅಷ್ಟೇ ಇರುತ್ತದೆ.

ಹೆಸರಿನ ವಿಷಯದಲ್ಲಿ ನಾನು ಮೂರು ಕಡೆ ಬಿಗಿಯಾಗಿರುತ್ತೇನೆ. ಬಾರ್ ತುಂಬಿಸಲು ದೇವರ ಹೆಸರನ್ನು ಮತ್ತೆ ಮತ್ತೆ ತುರುಕುವುದಿಲ್ಲ. ಹೆಸರನ್ನು ತುಂಡು ಮಾಡಿ 'ಶಂ-ಶಂ-ಶಂಕರ' ಎಂದು ತೊದಲಿಸುವ ಎಫೆಕ್ಟ್ ಹಾಕಲು ಬಿಡುವುದಿಲ್ಲ. ಹಕಾರದಿಂದ ಶುರುವಾಗುವ ಹೆಸರಾದರೆ ಅದನ್ನು ಉಸಿರು ತೆಗೆದುಕೊಂಡ ಮೇಲಿನ ಮೊದಲ ಎಣಿಕೆಗೇ ಇಡುತ್ತೇನೆ, ಹಕಾರಕ್ಕೆ ಗಾಳಿ ಬೇಕು. ಮಂತ್ರ ಅಥವಾ ಗ್ರಂಥದ ವಾಕ್ಯವನ್ನು ಚರಣದಲ್ಲಿ ಸೇರಿಸುವ ಆಸೆ ಬಂದರೆ ಅದನ್ನು ತಾಳಕ್ಕೆ ಕತ್ತರಿಸಬೇಡಿ. ಅದಕ್ಕೆ ಅದರದೇ ಉಚ್ಚಾರ, ನಿಲುಗಡೆ ಇರುತ್ತದೆ. ಅದರ ಭಾವವನ್ನು ನಿಮ್ಮ ಕನ್ನಡದಲ್ಲಿ ಹೇಳಿ. ಅಥವಾ ಹಾಡು ಶುರುವಾಗುವ ಮೊದಲು, ಬೀಟ್ ಇಲ್ಲದೆ, ಬಲ್ಲವರೊಬ್ಬರು ಪೂರ್ತಿ ಹೇಳಲಿ.

ಎರಡನೆಯ ಚರಣ, ಜೋಡಣೆ, ಪರೀಕ್ಷೆ

ಮೊದಲ ಚರಣ ತಪ್ಪೊಪ್ಪಿಗೆ ಆದರೆ ಎರಡನೆಯದು ಕೋರಿಕೆ ಆಗಲಿ. ನನ್ನದು ಶುರುವಾಗುವುದು ಹೀಗೆ:

ನಾಳೆಯ | ಬೆಳಗಿಗೆ | ಕೇಳುವು | ದೊಂದೇ
ಎಡವುವ | ಹೆಜ್ಜೆಗು | ನೀನಿರು | ಮುಂದೆ

ಗೆಲುವು, ಅಂಕ, ಕೆಲಸ ಎಂದು ಪಟ್ಟಿ ಕೊಡಬೇಡಿ. ಕೇಳುವುದು ಒಂದೇ ಇದ್ದಾಗ ಅದಕ್ಕೆ ತೂಕ ಬರುತ್ತದೆ.

ಜೋಡಣೆ ಇಷ್ಟು: ನಾಲ್ಕು ಬಾರ್ ಬರೀ ವಾದ್ಯ, ಪಲ್ಲವಿ ಎರಡು ಸಲ, ಚರಣ, ಪಲ್ಲವಿ ಎರಡು ಸಲ, ಎರಡನೆಯ ಚರಣ, ಪಲ್ಲವಿ ಎರಡು ಸಲ, ಕೊನೆಗೆ ಒಂದು ಸಲ ವಾದ್ಯವಿಲ್ಲದೆ ಬರೀ ದನಿಯಲ್ಲಿ. ಕೂಡಿದರೆ 2 ನಿಮಿಷ 24 ಸೆಕೆಂಡು. ಬೀಟನ್ನು ನೀವೇ ಮಾಡಿಕೊಳ್ಳದೆ ಬೇರೆಯವರದ್ದು ತಂದರೆ ಅದರ ಬಳಕೆಯ ಷರತ್ತು ಓದಿ, ಉಚಿತ ಎಂದು ಬರೆದಿದ್ದರೂ ಹೆಸರು ಹಾಕಬೇಕು ಎಂಬಂಥ ಷರತ್ತುಗಳಿರಬಹುದು. ಜನಪ್ರಿಯ ಹಾಡೊಂದರ ಬೀಟ್ ಬೇಡವೇ ಬೇಡ. ನೀವು ಏನೇ ಹೇಳಿದರೂ ಸಭೆಯ ತಲೆಯಲ್ಲಿ ಆ ಹಾಡೇ ಓಡುತ್ತಿರುತ್ತದೆ.

ಅಭ್ಯಾಸಕ್ಕೆ ಮೊದಲು ಎರಡು ಪರೀಕ್ಷೆ ಮಾಡಿ. ಒಂದು, ಬೀಟ್ ಇಲ್ಲದೆ, ನೀವು ದಿನಾ ಪ್ರಾರ್ಥಿಸುವ ಜಾಗದಲ್ಲಿ ಕೂತು ಇಡೀ ಸಾಹಿತ್ಯವನ್ನು ನಿಧಾನವಾಗಿ ಹೇಳಿ. ಅಲ್ಲಿ ಹೇಳಲು ಮುಜುಗರವಾದ ಪದವನ್ನು ಅಲ್ಲೇ ಹೊಡೆದುಹಾಕಿ. ತಾಳ ಮುಚ್ಚಿಟ್ಟಿದ್ದ ಒರಟುತನ ಆ ಹೊತ್ತಿಗೆ ಎದ್ದು ಕಾಣುತ್ತದೆ. ಇನ್ನೊಂದು, ಸಾಹಿತ್ಯ ನೋಡಿರದ ಒಬ್ಬರನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರಿಸಿ, ಮೈಕು ಬೀಟು ಎರಡನ್ನೂ ಹಾಕಿ ಒಮ್ಮೆ ಹೇಳಿ. ಅವರು ಕೇಳಿಸಿಕೊಂಡದ್ದನ್ನು ಬರೆದುಕೊಡಲಿ. ನಿಮ್ಮ ಹಾಳೆಯ ಪಕ್ಕ ಅದನ್ನಿಟ್ಟು ನೋಡಿ. ಪದ ತಪ್ಪಿದ್ದರೆ ತಾಳ ಒಡೆದ ಜಾಗವನ್ನು ತಿದ್ದಿ. ಸಾಲೇ ಬಿಟ್ಟುಹೋಗಿದ್ದರೆ ಅಲ್ಲಿ ಉಸಿರು ಸಾಕಾಗಿಲ್ಲ, ಎರಡು ಮಾತ್ರೆ ಕಡಿಮೆ ಮಾಡಿ ಮತ್ತೊಮ್ಮೆ ಹೇಳಿಸಿ.